ಮಂಚದ ಲೆಕ್ಕ

(ಬೆಳ್ಳೂರಿನ ಒಂದು ಕಲಿಕಾ ಕೇಂದ್ರದಲ್ಲಿ ಮರಗೆಲಸದವರೊಬ್ಬರು ಆಡಿದ ಮಾತು)



ನಾನು ಭಾಷಣ ಮಾಡುವವನಲ್ಲ. ಉಳಿ, ಗರಗಸ ಹಿಡಿಯುವವನು. ನೀವು ಕೂಡುವ ಲೆಕ್ಕ, ಗುಣಿಸುವ ಲೆಕ್ಕ ಕಲಿತಿದ್ದೀರಂತೆ. ಈಗ ಭಾಗಾಕಾರ ನಡೀತಾ ಇದೆಯಂತೆ. "ಆ ಲೆಕ್ಕ ನಿಮ್ಮ ಕೆಲಸದಲ್ಲಿ ಎಲ್ಲಿ ಬರುತ್ತೆ, ಒಂದು ಸಲ ಬಂದು ಹೇಳಿ" ಅಂತ ನಿಮ್ಮ ಕಲಿಸುವ ಅಕ್ಕ ಕರೆದರು. ಅದಕ್ಕೆ ಬಂದೆ.

ಇಲ್ಲಿ ಮೂರು ನಾಲ್ಕು ಜನ ಮರಗೆಲಸದವರು ಕಾಣ್ತಾ ಇದ್ದಾರೆ. ಉಳಿದವರು ಮಂಚ, ಬಾಗಿಲು, ಬೀರು ಮಾಡಿಸುವವರು. ಈ ಮಾತು ಇಬ್ಬರಿಗೂ ಬೇಕು. ಮಾಡುವವನು ಲೆಕ್ಕ ತಪ್ಪಿದರೆ ಮಾಡಿಸುವವನಿಗೂ ತೊಂದರೆಯೇ. ಅರ್ಧ ಕೆಲಸ ಆದ ಮೇಲೆ "ಇನ್ನೂ ಐದು ಸಾವಿರ ಕೊಡಿ" ಅಂತ ಬಾಗಿಲಿಗೆ ಬಂದು ನಿಂತರೆ ಯಾರಿಗೆ ಸಂತೋಷ?

ಹಾಗೆ ನಿಂತವನು ನಾನೇ. ಮೊದಲು ಆ ಕಥೆ ಹೇಳ್ತೀನಿ.

ಕೆಲವು ವರ್ಷದ ಹಿಂದೆ ಒಬ್ಬ ಯಜಮಾನರು ಬಂದರು. ಮಗಳ ಮದುವೆ. "ಆಚಾರ್ರೇ, ಹಲಸಿನ ಮರದಲ್ಲಿ ಒಂದು ಮಂಚ ಆಗಬೇಕು. ಹಾಸಿಗೆ ಆರೂವರೆ ಅಡಿ ಉದ್ದ, ಐದು ಅಡಿ ಅಗಲ. ತಲೆ ಕಡೆ ಹಲಗೆ ಚೆನ್ನಾಗಿರಬೇಕು. ಎಷ್ಟಾಗುತ್ತೆ?" ಅಂದರು. ನಾನು ನಿಂತ ಕಾಲಲ್ಲೇ ಲೆಕ್ಕ ಹಾಕಿದೆ. ಮರ ನಾಲ್ಕು ಸಿ.ಎಫ್.ಟಿ. ಸಾಕು ಅಂದುಕೊಂಡೆ. ಎಂಟು ದಿನದ ಕೆಲಸ ಅಂದುಕೊಂಡೆ. ಒಂದು ಮೊತ್ತ ಬಾಯಲ್ಲಿ ಹೇಳಿದೆ. ಅವರೂ ಚೌಕಾಸಿ ಮಾಡದೆ ಒಪ್ಪಿದರು. ಆಗಲೇ ನನಗೆ ಅನುಮಾನ ಬರಬೇಕಿತ್ತು!

ಆಮೇಲೆ ಏನಾಯಿತು? ನಾಲ್ಕು ಸಿ.ಎಫ್.ಟಿ. ಮರ ಸಾಲಲಿಲ್ಲ. ಆರು ಬೇಕಾಯಿತು. ಎಂಟು ದಿನ ಸಾಲಲಿಲ್ಲ. ಹನ್ನೆರಡು ದಿನ ಹಿಡಿಯಿತು. ಉಳಿದ ಮರ ತರೋಕೆ ಕೈಯಲ್ಲಿ ಹಣ ಇಲ್ಲ. ಯಜಮಾನರ ಹತ್ತಿರ ಹೋಗಿ ಕೇಳಿದೆ. "ಒಂದು ಮಾತು ಅಂದರೆ ಒಂದೇ ಮಾತು ಅಲ್ವೇ ಆಚಾರ್ರೇ?" ಅಂದರು. ಅವರದ್ದು ತಪ್ಪಲ್ಲ. ಮದುವೆ ದಿನ ಹತ್ತಿರ ಬಂದಿತ್ತು. ನಮ್ಮ ಮನೆಯಾಕೆ ಕಿವಿಯ ಓಲೆ ಬಿಚ್ಚಿ ಕೊಟ್ಟಳು. ಅದನ್ನು ಅಡವಿಟ್ಟು ಮರ ತಂದೆ. ಮಂಚ ಹೋಯಿತು. ಕೂಲಿಯೂ ಹೋಯಿತು. ಓಲೆ ಬಿಡಿಸಿಕೊಳ್ಳೋಕೆ ಏಳು ತಿಂಗಳು ಆಯಿತು.

ಅದೇ ಮಂಚವನ್ನು ಈಗ ನಿಮ್ಮ ಮುಂದೆ ಮತ್ತೆ ಲೆಕ್ಕ ಹಾಕೋಣ. ಈ ಸಲ ಕಾಗದದ ಮೇಲೆ. ನಾನು ಹೇಳುವ ದರಗಳು ಲೆಕ್ಕ ತಿಳಿಯಲಿ ಎಂದು ಇಟ್ಟುಕೊಂಡವು. ಮರದ ದರ ಊರಿಂದ ಊರಿಗೆ, ತಿಂಗಳಿಂದ ತಿಂಗಳಿಗೆ ಬೇರೆ ಆಗುತ್ತೆ. ನೀವು ನಿಮ್ಮ ಮಿಲ್ಲಿನ ದರ ಕೇಳಿ ಹಾಕಿಕೊಳ್ಳಿ.

ಸಿ.ಎಫ್.ಟಿ. ಅಂದರೆ ಏನು?

ಮರ ತೂಕದಲ್ಲಿ ಕೊಳ್ಳೋದಲ್ಲ. ಘನ ಅಡಿಯ ಲೆಕ್ಕದಲ್ಲಿ ಕೊಳ್ಳೋದು. ಅದಕ್ಕೆ ಮಿಲ್ಲಿನಲ್ಲಿ ಸಿ.ಎಫ್.ಟಿ. ಅಂತಾರೆ. ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಮರದ ತುಂಡು ಒಂದು ಸಿ.ಎಫ್.ಟಿ.

ಈಗ ಆ ತುಂಡನ್ನು ಒಂದು ಇಂಚು ದಪ್ಪ, ಒಂದು ಇಂಚು ಅಗಲದ ಕಡ್ಡಿಗಳಾಗಿ ಸೀಳಿ. ಎಷ್ಟು ಕಡ್ಡಿ ಬರುತ್ತೆ? ಒಂದು ಸಾಲಿಗೆ 12. ಅಂಥ 12 ಸಾಲು. ಹನ್ನೆರಡು ಹನ್ನೆರಡಲ 144. ಊದುಬತ್ತಿ ಕಟ್ಟು ಇದ್ದ ಹಾಗೆ 144 ಕಡ್ಡಿಯ ಕಟ್ಟು. ಒಂದೊಂದು ಕಡ್ಡಿಯೂ ಒಂದು ಅಡಿ ಉದ್ದ. ಅದಕ್ಕೇ ನಾವು ದಪ್ಪದ ಇಂಚು, ಅಗಲದ ಇಂಚು, ಉದ್ದದ ಅಡಿ ಮೂರನ್ನೂ ಗುಣಿಸಿ 144ರಿಂದ ಭಾಗಿಸೋದು. ಎಷ್ಟು ಕಡ್ಡಿ ಆಯಿತು, ಅದು ಎಷ್ಟು ಕಟ್ಟು ಆಯಿತು ಅಂತ ನೋಡೋದು, ಅಷ್ಟೇ.

ನನಗೆ ಮೊದಲು ಈ 144 ಎಲ್ಲಿಂದ ಬಂತು ಅಂತಲೇ ಗೊತ್ತಿರಲಿಲ್ಲ. ಮಿಲ್ಲಿನವರು ಚೀಟಿಯಲ್ಲಿ ಏನು ಬರೆದರೂ ತಲೆ ಆಡಿಸಿ ಹಣ ಕೊಡ್ತಿದ್ದೆ.

ಮಂಚದ ಮರ

ಮೊದಲು ಮಂಚದ ಭಾಗಗಳನ್ನು ಒಂದೊಂದಾಗಿ ಬರೆಯಬೇಕು. ಚಿತ್ರ ಚೆನ್ನಾಗಿ ಬರದಿದ್ದರೂ ಚಿಂತೆಯಿಲ್ಲ. ಭಾಗ ಬಿಟ್ಟುಹೋಗಬಾರದು.

ನಮ್ಮ ಮಂಚಕ್ಕೆ ನಾಲ್ಕು ಕಾಲು. ತಲೆ ಕಡೆಯವು ಎತ್ತರ, ಪಾದದ ಕಡೆಯವು ಗಿಡ್ಡ. ಪಕ್ಕದಲ್ಲಿ ಎರಡು ಉದ್ದ ಪಟ್ಟಿ. ಅಡ್ಡಕ್ಕೆ ಮೂರು ಪಟ್ಟಿ: ತಲೆ ಕಡೆ ಎರಡು, ಪಾದದ ಕಡೆ ಒಂದು. ತಲೆ ಕಡೆಯ ಎರಡು ಪಟ್ಟಿಗಳ ನಡುವೆ ಹಲಗೆ. ಹಾಸಿಗೆ ಕೆಳಗೆ ಐದು ಸಣ್ಣ ಅಡ್ಡಪಟ್ಟಿ, ಅದರ ಮೇಲೆ ಪ್ಲೈವುಡ್.

ಉದ್ದ ಪಟ್ಟಿ ಒಂದನ್ನು ಲೆಕ್ಕ ಹಾಕೋಣ. ದಪ್ಪ ಒಂದೂವರೆ ಇಂಚು. ಅಗಲ 6 ಇಂಚು. ಉದ್ದ, ಕಾಲಿನೊಳಗೆ ಹೋಗುವ ಭಾಗವೂ ಸೇರಿ, 7 ಅಡಿ. ಒಂದೂವರೆ ಆರಲ ಒಂಬತ್ತು. ಒಂಬತ್ತೇಳಲ 63. ಅದನ್ನು 144ರಿಂದ ಭಾಗಿಸಿದರೆ 0.44. ಅಂಥವು ಎರಡು ಅಂದರೆ 0.88 ಸಿ.ಎಫ್.ಟಿ.

ಹೀಗೆಯೇ ಕಾಲು, ಅಡ್ಡಪಟ್ಟಿ, ತಲೆಹಲಗೆ, ಕೆಳಗಿನ ಪಟ್ಟಿ ಎಲ್ಲವನ್ನೂ ಮಾಡಿ ಕೂಡಿದರೆ ಹತ್ತಿರ ಹತ್ತಿರ 4 ಸಿ.ಎಫ್.ಟಿ. ಆಗುತ್ತೆ. ನೋಡಿ, ನಾನು ಅವತ್ತು ಹೇಳಿದ್ದೂ ನಾಲ್ಕೇ! ಹಾಗಾದರೆ ತಪ್ಪಿದ್ದು ಎಲ್ಲಿ?

ಈ ನಾಲ್ಕು ಸಿ.ಎಫ್.ಟಿ. ಅನ್ನೋದು ಮುಗಿದ ಮಂಚದಲ್ಲಿ ಇರೋ ಮರ. ಮಿಲ್ಲಿನಿಂದ ತರಬೇಕಾದ ಮರ ಅಲ್ಲ. ಅಕ್ಕಂದಿರಿಗೆ ಇದು ಬೇಗ ತಿಳಿಯುತ್ತೆ. ಹಲಸಿನ ಹಣ್ಣು ತೂಗಿ ತರೋದು ಬೇರೆ, ಬಿಡಿಸಿದ ತೊಳೆ ತೂಗೋದು ಬೇರೆ. ಸಿಪ್ಪೆ, ಮೇಣ, ಸಾರೆ ಎಲ್ಲ ಸೇರಿಯೇ ನಾವು ದುಡ್ಡು ಕೊಡೋದು.

ಮರದ ಸಿಪ್ಪೆ ಯಾವುದು? ಮಿಲ್ಲಿನಲ್ಲಿ ಸೀಳಿದ ಹಲಗೆ ಒರಟು. ಅದನ್ನು ನಾಲ್ಕು ಕಡೆಯೂ ತೋಪಡ ಹೊಡೆದು ನುಣುಪು ಮಾಡಬೇಕು. ಇಂಚಿನ ಎಂಟನೇ ಒಂದು ಭಾಗಕ್ಕೆ ನಾವು ಒಂದು ನೂಲು ಅಂತೀವಿ. ಒಂದೊಂದು ಮುಖದಲ್ಲೂ ಒಂದು ನೂಲು ಹೋಗುತ್ತೆ. ಹಲಗೆ ಸೊಟ್ಟಗಿದ್ದರೆ ಇನ್ನೂ ಹೆಚ್ಚು. ಒಂದೂವರೆ ಇಂಚಿನ ಪಟ್ಟಿ ಬೇಕಾದರೆ ಒಂದೂಮುಕ್ಕಾಲು ಇಂಚಿಗೆ ಸೀಳಿಸಬೇಕು. 6 ಇಂಚು ಅಗಲ ಬೇಕಾದರೆ ಆರೂವರೆ ತರಬೇಕು. 7 ಅಡಿ ಬೇಕಾದರೆ ಏಳೂವರೆ ತರಬೇಕು. ಯಾಕೆಂದರೆ ತುದಿಯಲ್ಲಿ ಸೀಳು ಬಿಟ್ಟಿರುತ್ತೆ, ಅದನ್ನು ಕತ್ತರಿಸಿ ಎಸೆಯಬೇಕು.

ಈಗ ಅದೇ ಪಟ್ಟಿಯನ್ನು ಮತ್ತೆ ಗುಣಿಸಿ. ಒಂದೂಮುಕ್ಕಾಲು, ಆರೂವರೆ, ಏಳೂವರೆ. 144ರಿಂದ ಭಾಗಿಸಿದರೆ 0.59 ಬರುತ್ತೆ. ಮೊದಲು ಬಂದದ್ದು 0.44. ಮಂಚ ಅದೇ, ಪಟ್ಟಿ ಅದೇ. ಒಂದು ಪಟ್ಟಿಯಲ್ಲೇ ಮೂರನೇ ಒಂದು ಪಾಲು ಹೆಚ್ಚಾಯಿತು.

ಇಷ್ಟಕ್ಕೆ ಮುಗಿಯಲಿಲ್ಲ. ತಂದ ಹಲಗೆಯಲ್ಲಿ ಗಂಟು ಇರುತ್ತೆ. ಅಂಚಿನಲ್ಲಿ ಬಿಳಿ ಭಾಗ ಇರುತ್ತೆ. ಹಲಸಿನಲ್ಲಿ ಹಳದಿ ಬಣ್ಣದ ಚೇಗು ಬಾಳಿಕೆ ಬರುತ್ತೆ, ಬಿಳಿಗೆ ಹುಳ ಬೀಳುತ್ತೆ. ಬಿಳಿಯನ್ನು ಬಿಡಲೇಬೇಕು. ಹೀಗೆ ಎಲ್ಲ ಸೇರಿ 4 ಸಿ.ಎಫ್.ಟಿ. ಮಂಚಕ್ಕೆ 6 ಸಿ.ಎಫ್.ಟಿ. ಮರ ಬೇಕು. ಒಂದೂವರೆ ಪಟ್ಟು. ನಾನು ಈಗ ಎಲ್ಲ ಗಟ್ಟಿ ಮರದ ಕೆಲಸಕ್ಕೂ ಇದನ್ನೇ ಹಿಡಿಯೋದು. ಮರ ತುಂಬ ಚೆನ್ನಾಗಿದ್ದು ಭಾಗಗಳು ಗಿಡ್ಡ ಇದ್ದರೆ ಒಂದೂಕಾಲು ಪಟ್ಟು ಸಾಕಾಗಬಹುದು. ಗಂಟು ತುಂಬಿದ ಮರವಾದರೆ ಒಂದೂವರೆಯೂ ಸಾಲದು. ಅದಕ್ಕೇ ಮರ ನೋಡದೆ ದರ ಹೇಳಬಾರದು.

ಸಿ.ಎಫ್.ಟಿ.ಗೆ 2,000 ರೂಪಾಯಿ ಅಂದುಕೊಂಡರೆ 6 ಸಿ.ಎಫ್.ಟಿ.ಗೆ 12,000. ಅವತ್ತಿನ ನನ್ನ ಲೆಕ್ಕದಂತೆ ಆಗಿದ್ದರೆ 8,000. ಓಲೆ ಅಡವಿಗೆ ಹೋದದ್ದು ಈ ಎರಡು ಸಿ.ಎಫ್.ಟಿ.ಗೆ.

ಇಲ್ಲಿ ಹಿಂದೆ ಕೂತ ಅಣ್ಣ ಕೈ ಎತ್ತಿದರು. "ನಮ್ಮ ತೋಟದಲ್ಲೇ ಹಲಸಿನ ದಿಮ್ಮಿ ಬಿದ್ದಿದೆ. ನಿಮಗೆ ಕೂಲಿ ಕೊಟ್ಟರೆ ಸಾಕಲ್ಲ?" ಅಂತಾರೆ.

ಸಾಕು ಅಣ್ಣ. ಆದರೆ ದಿಮ್ಮಿ ಎಷ್ಟಿದೆ ನೋಡಬೇಕು. ದಿಮ್ಮಿಯ ನಡುವೆ ದಾರ ಸುತ್ತಿ. ಸುತ್ತಳತೆ 48 ಇಂಚು ಬಂತು ಅಂದುಕೊಳ್ಳಿ. ಅದರ ಕಾಲು ಭಾಗ 12. ಹನ್ನೆರಡು ಹನ್ನೆರಡಲ 144. ದಿಮ್ಮಿ 10 ಅಡಿ ಉದ್ದ. 1,440 ಆಯಿತು. 144ರಿಂದ ಭಾಗಿಸಿದರೆ 10 ಸಿ.ಎಫ್.ಟಿ. ಮರದ ವ್ಯಾಪಾರದಲ್ಲಿ ದುಂಡು ಮರವನ್ನು ಅಳೆಯೋದು ಹೀಗೆ. ಇದನ್ನು ಸೀಳಿಸಿದರೆ ಹಲಗೆ ಬರೋದು ಸುಮಾರು 6. ಆ ಆರರಲ್ಲಿ ಮಂಚದೊಳಗೆ ಉಳಿಯೋದು 4. ಹತ್ತು ಸಿ.ಎಫ್.ಟಿ. ದಿಮ್ಮಿ ಕೊಟ್ಟು "ನಾಲ್ಕೇ ಸಿ.ಎಫ್.ಟಿ. ಮಂಚ ಕೊಟ್ಟ, ಉಳಿದದ್ದು ಎಲ್ಲಿ?" ಅಂತ ಮರಗೆಲಸದವನ ಮೇಲೆ ಅನುಮಾನ ಪಟ್ಟವರನ್ನು ಕಂಡಿದ್ದೀನಿ. ಉಳಿದದ್ದು ಮಿಲ್ಲಿನ ಹೊಟ್ಟು, ನಮ್ಮ ಅಂಗಳದ ಹೆರೆ, ಒಲೆಗೆ ಹೋದ ಚಕ್ಕೆ.

ಪ್ಲೈವುಡ್ಡಿನ ಅರ್ಧ ಅಡಿ

ಪ್ಲೈವುಡ್ ಹಾಳೆ 8 ಅಡಿಗೆ 4 ಅಡಿ. ಅಂದರೆ 32 ಚದರ ಅಡಿ. ನಮ್ಮ ಹಾಸಿಗೆ ಆರೂವರೆಗೆ ಐದು. ಅಂದರೆ ಮೂವತ್ತೆರಡೂವರೆ ಚದರ ಅಡಿ. ಒಂದು ಹಾಳೆಗೆ ಅರ್ಧ ಅಡಿ ಕಡಿಮೆ! ಹಾಗಂತ ಎರಡು ಹಾಳೆ ತಂದರೆ 64 ಅಡಿಗೆ ದುಡ್ಡು ಕೊಟ್ಟ ಹಾಗೆ. ಅರ್ಧಕ್ಕರ್ಧ ಮೂಲೆಯಲ್ಲಿ ನಿಲ್ಲುತ್ತೆ.

ಅಂಗಡಿಯಲ್ಲಿ 6ಕ್ಕೆ 4ರ ಹಾಳೆಯೂ ಸಿಗುತ್ತೆ, 6ಕ್ಕೆ 3ರ ಹಾಳೆಯೂ ಸಿಗುತ್ತೆ. ಒಂದೊಂದು ತನ್ನಿ. ಎರಡನ್ನೂ ಮಂಚಕ್ಕೆ ಅಡ್ಡ ಹಾಕಿ. ಆರು ಅಡಿಯಲ್ಲಿ ಐದು ಅಡಿ ಮಂಚದ ಅಗಲಕ್ಕೆ. ನಾಲ್ಕು ಅಡಿಯದು ಪೂರಾ, ಮೂರು ಅಡಿಯದರಲ್ಲಿ ಎರಡೂವರೆ ಅಡಿ ಉದ್ದಕ್ಕೆ. ಆರೂವರೆ ತುಂಬಿತು. 24 ಮತ್ತು 18, ಒಟ್ಟು 42 ಚದರ ಅಡಿ. ಅಡಿಗೆ 60 ರೂಪಾಯಿಯಂತೆ 2,520.

ಎರಡು ಹಾಳೆ ಸೇರುವ ಜಾಗದ ಕೆಳಗೆ ಒಂದು ಅಡ್ಡಪಟ್ಟಿ ಬರಲೇಬೇಕು. ಇಲ್ಲದಿದ್ದರೆ ಅಲ್ಲೇ ಕುಸಿಯುತ್ತೆ. ಐದು ಪಟ್ಟಿಯನ್ನು ಸಮ ಸಮ ಇಟ್ಟು ಮರೆತರೆ ಆರನೇ ಪಟ್ಟಿ ಹುಡುಕಬೇಕಾಗುತ್ತೆ.

ಇನ್ನು ಬೋಲ್ಟು, ಸ್ಕ್ರೂ, ಗೋಂದು, ಉಪ್ಪುಕಾಗದ, ಪಾಲಿಷ್ ಸಾಮಾನು. ಇವೆಲ್ಲ ಚಿಲ್ಲರೆ ಅಂತ ಬಿಡ್ತೀವಿ. ಕೂಡಿ ನೋಡಿದರೆ ಈ ಮಂಚಕ್ಕೆ 3,000 ಆಗುತ್ತೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲಿಷ್ಷಿಗೆ. ಮರ ತರುವ ಗಾಡಿ, ಮೆಷಿನ್ನಿನಲ್ಲಿ ತೋಪಡ ಹೊಡೆಸಿದ್ದು, ಮಂಚವನ್ನು ಮನೆಗೆ ಸಾಗಿಸುವ ಗಾಡಿ, ಮೂರೂ ಸೇರಿ 1,500. ಬರುವ ಗಾಡಿ ನೆನಪಿರುತ್ತೆ. ಹೋಗುವ ಗಾಡಿಯನ್ನು ನಾನು ಎಷ್ಟೋ ಸಲ ಮರೆತಿದ್ದೀನಿ.

ಒಟ್ಟು ಸಾಮಾನಿನ ಲೆಕ್ಕ: 12,000, 2,520, 3,000, 1,500. ಕೂಡಿದರೆ 19,020.

ಕೂಲಿ

ಮರ ಕತ್ತರಿಸೋದು, ಕಚ್ಚು ತೆಗೆಯೋದು, ಜೋಡಿಸೋದು ಮಾತ್ರ ಕೆಲಸ ಅಂತ ತಿಳಿದರೆ ಎಂಟು ದಿನ. ನಾನು ಅವತ್ತು ಹಿಡಿದದ್ದು ಅಷ್ಟೇ. ಮಿಲ್ಲಿಗೆ ಹೋಗಿ ಮರ ಆರಿಸಿದ ದಿನ ಕೆಲಸ ಅಲ್ಲವೇ? ಅವತ್ತು ಬೇರೆಯವರ ಕೂಲಿಗೆ ಹೋಗಿದ್ದರೆ ದುಡ್ಡು ಬರ್ತಿತ್ತು. ಮನೆಗೆ ಹೋಗಿ ಮಂಚ ಕೂಡಿಸಿ ಬಂದ ದಿನ? ಪಾಲಿಷ್ ಉಜ್ಜಿದ ದಿನ?

ಈಗ ನಾನು ಹೀಗೆ ಬರೀತೀನಿ. ಮರ ಆರಿಸಿ ತಂದು ಗುರುತು ಹಾಕೋದು 1 ದಿನ. ಕತ್ತರಿಸಿ ಅಳತೆಗೆ ತರೋದು 2 ದಿನ. ಕಚ್ಚು ತೆಗೆಯೋದು 2 ದಿನ. ತಲೆಹಲಗೆ 2 ದಿನ. ಜೋಡಿಸಿ ಉಪ್ಪುಕಾಗದ ಹಾಕೋದು 2 ದಿನ. ಪಾಲಿಷ್ 2 ದಿನ. ಸಾಗಿಸಿ ಮನೆಯಲ್ಲಿ ಕೂಡಿಸೋದು 1 ದಿನ. ಒಟ್ಟು 12 ದಿನ. ಪಾಲಿಷ್ ಒಣಗುವ ದಿನಕ್ಕೆ ಕೂಲಿ ಇಲ್ಲ, ಆದರೆ ಕೊಡುವ ದಿನ ಹೇಳುವಾಗ ಅದನ್ನೂ ಸೇರಿಸಬೇಕು. ಹನ್ನೆರಡು ದಿನದ ಕೆಲಸಕ್ಕೆ ನಾನು ಮೂರು ವಾರ ಗಡುವು ಕೇಳ್ತೀನಿ.

ನನ್ನ ಕೂಲಿ ದಿನಕ್ಕೆ 1,000ದಂತೆ 12,000. ಜೊತೆಗೆ ಹಿಡಿಯೋಕೆ, ಎತ್ತೋಕೆ, ಉಜ್ಜೋಕೆ ಒಬ್ಬ ಹುಡುಗ. ಅವನು ಎಲ್ಲ ದಿನವೂ ಬೇಡ, 5 ದಿನ ಸಾಕು. ದಿನಕ್ಕೆ 600ರಂತೆ 3,000. ಕೂಲಿ ಒಟ್ಟು 15,000.

ಇನ್ನೊಂದು ಖರ್ಚು ಇದೆ. ಅದು ಕಣ್ಣಿಗೆ ಕಾಣಲ್ಲ. ಗರಗಸದ ಬ್ಲೇಡು ಸವೆಯುತ್ತೆ. ಕರೆಂಟು ಬಿಲ್ಲು ಬರುತ್ತೆ. ಕೆಲಸದ ಶೆಡ್ಡಿಗೆ ಬಾಡಿಗೆ ಇರುತ್ತೆ. ಒಂದು ತಿಂಗಳಿಗೆ ಇವೆಲ್ಲ ಎಷ್ಟಾಗುತ್ತೆ ಬರೆದಿಟ್ಟು, ಕೆಲಸ ಇರುವ ದಿನಗಳಿಂದ ಭಾಗಿಸಿದೆ. ನನಗೆ ದಿನಕ್ಕೆ 150 ಬಂತು. ಹನ್ನೆರಡು ದಿನಕ್ಕೆ 1,800.

ಸಾಮಾನು 19,020. ಕೂಲಿ 15,000. ಶೆಡ್ಡಿನ ಖರ್ಚು 1,800. ಒಟ್ಟು 35,820.

ಎಡವಟ್ಟಿನ ಬಾಬ್ತು

ಇಷ್ಟರವರೆಗೆ ಗೊತ್ತಿರುವ ಖರ್ಚು. ಇನ್ನು ಗೊತ್ತಿಲ್ಲದ ಖರ್ಚು. ಇದಕ್ಕೆ ನಾನು "ಎಡವಟ್ಟಿನ ಬಾಬ್ತು" ಅಂತ ಹೆಸರು ಇಟ್ಟಿದ್ದೀನಿ.

ಆ ಮಂಚದ ಕಥೆ ಇನ್ನೂ ಮುಗಿದಿರಲಿಲ್ಲ. ಮದುವೆ ಆಯಿತು. ಯುಗಾದಿ ಕಳೆದು ಬಿಸಿಲು ಏರಿತು. ಒಂದು ರಾತ್ರಿ ತಲೆಹಲಗೆ ಟಪ್ ಅಂತ ಸದ್ದು ಮಾಡಿ ಸೀಳಿತಂತೆ. ಹುಡುಗಿ ಹೆದರಿಕೊಂಡಳಂತೆ. ನಾನು ಹೋಗಿ ನೋಡಿದೆ. ಬೆರಳಿನ ಉಗುರು ಹೋಗುವಷ್ಟು ಬಿರುಕು, ಈ ತುದಿಯಿಂದ ಆ ತುದಿಗೆ.

ಕಾರಣ ಏನು? ಮರ ಹಸಿ ಇತ್ತು. ಹಸಿ ಮರ ಒಣಗುವಾಗ ಉದ್ದದಲ್ಲಿ ಕುಗ್ಗೋದು ಬಹಳ ಕಡಿಮೆ, ಅಗಲದಲ್ಲಿ ಕುಗ್ಗುತ್ತೆ. ಹದಿನೆಂಟು ಇಂಚು ಅಗಲದ ಹಲಗೆ ಎರಡು ನೂಲು ಕುಗ್ಗೋದು ದೊಡ್ಡ ಮಾತಲ್ಲ. ನಾನು ಅದನ್ನು ನಾಲ್ಕು ಕಡೆಯೂ ಗೋಂದು ಹಾಕಿ ಬಿಗಿ ಮಾಡಿದ್ದೆ. ಕುಗ್ಗೋಕೆ ಜಾಗ ಇರಲಿಲ್ಲ, ಸೀಳಿತು. ಈಗ ನಾನು ಸುತ್ತಲಿನ ಪಟ್ಟಿಯಲ್ಲಿ ಗಾಡಿ ತೋಡಿ, ಹಲಗೆಯನ್ನು ಗೋಂದು ಇಲ್ಲದೆ ಅದರೊಳಗೆ ಕೂರಿಸ್ತೀನಿ. ಅದು ಒಳಗೇ ಕುಗ್ಗಲಿ, ಉಬ್ಬಲಿ.

ಮರ ಒಣಗಿದೆಯೋ ಇಲ್ಲವೋ ತಿಳಿಯೋದು ಹೇಗೆ? ಕೆಲವರು ಬೆರಳಿನಿಂದ ಬಡಿದು ಸದ್ದು ಕೇಳ್ತಾರೆ. ನನಗೆ ಅದರಲ್ಲಿ ನಂಬಿಕೆ ಕಡಿಮೆ. ಹಲಗೆಯ ತುದಿಯಿಂದ ಒಂದು ಅಡಿ ಒಳಗೆ ಒಂದು ತೆಳು ತುಂಡು ಕೊಯ್ಯಿರಿ. ತುದಿ ಬೇಗ ಒಣಗುತ್ತೆ, ಅದನ್ನು ನಂಬಬೇಡಿ. ತುಂಡನ್ನು ದಿನಸಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ. 120 ಗ್ರಾಂ ಬಂತು ಅನ್ನಿ. ಬೇಕರಿಯಣ್ಣನ ಒಲೆಯಲ್ಲಿ ಬ್ರೆಡ್ಡು ತೆಗೆದ ಮೇಲೆ ಉಳಿದ ಶಾಖದಲ್ಲಿ ಇಡಿಸಿ. ಸುಡಬಾರದು, ಒಣಗಬೇಕು. ಮತ್ತೆ ಮತ್ತೆ ತೂಗಿ. ಇನ್ನು ತೂಕ ಇಳಿಯಲ್ಲ ಅಂದಾಗ 100 ಗ್ರಾಂ ಇದೆ ಅನ್ನಿ. 100 ಗ್ರಾಂ ಒಣ ಮರದಲ್ಲಿ 20 ಗ್ರಾಂ ನೀರು ಇತ್ತು. ನೂರಕ್ಕೆ ಇಪ್ಪತ್ತು. ಮನೆಯೊಳಗಿನ ಮಂಚಕ್ಕೆ ನೂರಕ್ಕೆ ಹನ್ನೆರಡರ ಆಸುಪಾಸು ಇರಬೇಕು. ಇಪ್ಪತ್ತು ಇರುವ ಮರದಲ್ಲಿ ತಲೆಹಲಗೆ ಮಾಡಬಾರದು. ನೆರಳಲ್ಲಿ ಗಾಳಿಯಾಡುವಂತೆ ಪೇರಿಸಿಟ್ಟು ಒಣಗಿಸಬೇಕು. ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ವರ್ಷ ಅಂತ ಹಳಬರು ಹೇಳ್ತಿದ್ದರು.

ಹಿಂದೆ ಕೂತ ಅಣ್ಣನಿಗೂ ಇದೇ ಮಾತು. ನಿಮ್ಮ ತೋಟದ ದಿಮ್ಮಿ ಹೋದ ತಿಂಗಳು ಕಡಿದದ್ದಾದರೆ ಮುಂದಿನ ತಿಂಗಳ ಮದುವೆಗೆ ಅದು ಆಗಲ್ಲ.

ಆ ಬಿರುಕು ರಿಪೇರಿಗೆ ನನ್ನ ಎರಡು ದಿನ ಹೋಯಿತು. ಹಲಗೆಗೆ ಹೊಸ ಮರ ಹೋಯಿತು. ಹಣ ಕೇಳೋಕೆ ಮುಖ ಇರಲಿಲ್ಲ.

ಹಾಗಾದರೆ ಎಡವಟ್ಟಿಗೆ ಎಷ್ಟು ಹಿಡಿಯಬೇಕು? ಕೆಲವರು ಒಟ್ಟು ಮೊತ್ತಕ್ಕೆ ನೂರಕ್ಕೆ ಹತ್ತು ಅಂತ ಹಾಕ್ತಾರೆ. ನನಗೆ ಅದು ಸರಿ ಕಾಣಲ್ಲ. ಬೋಲ್ಟಿನಲ್ಲಿ ಏನು ಎಡವಟ್ಟು ಆಗುತ್ತೆ? ಪ್ಲೈವುಡ್ಡಿನಲ್ಲಿ ಏನಾಗುತ್ತೆ? ಅಪಾಯ ಇರೋದು ಎರಡರಲ್ಲಿ. ಒಂದು ಗಟ್ಟಿ ಮರ. ಹೊರಗೆ ಚೆನ್ನಾಗಿ ಕಂಡು ಒಳಗೆ ಗಂಟು ಇರಬಹುದು. ಕಚ್ಚು ತೆಗೆಯುವಾಗ ಒಂದು ಕಾಲು ಸೀಳಬಹುದು. ಇನ್ನೊಂದು ನಮ್ಮ ದಿನಗಳು. ಕರೆಂಟು ಹೋಗುತ್ತೆ. ಮಳೆಗಾಲದ ತಂಪಿನಲ್ಲಿ ಅರಗಿನ ಪಾಲಿಷ್ ಹಾಕಿದರೆ ಮಂಜು ಕವಿದ ಹಾಗೆ ಬೆಳ್ಳಗಾಗುತ್ತೆ. ಉಜ್ಜಿ ಮತ್ತೆ ಹಾಕಬೇಕು.

ಅದಕ್ಕೆ ಮರದ ಹಣದಲ್ಲಿ ಹತ್ತನೇ ಒಂದು ಪಾಲು ಹಿಡೀತೀನಿ. 12,000ಕ್ಕೆ 1,200. ದಿನಗಳಲ್ಲಿ ನನ್ನದು ಒಂದು ದಿನ, ಹುಡುಗನದು ಅರ್ಧ ದಿನ. 1,000 ಮತ್ತು 300. ಎಲ್ಲ ಸೇರಿ 2,500. ಮಳೆಗಾಲವಾದರೆ, ಇಲ್ಲವೇ ಹಿಂದೆ ಮಾಡಿರದ ಹೊಸ ನಮೂನೆಯಾದರೆ, ಇದನ್ನು ಎರಡರಷ್ಟು ಮಾಡ್ತೀನಿ.

"ಎಡವಟ್ಟು ಆಗಲಿಲ್ಲ ಅಂದರೆ ಆ ಹಣ ಯಾರದು?" ಅಂತ ಈ ಅಕ್ಕ ಕೇಳಿದರು. ಸರಿಯಾದ ಪ್ರಶ್ನೆ. ನಾನು ಅದನ್ನು ಖರ್ಚು ಮಾಡಲ್ಲ. ಬೇರೆ ಡಬ್ಬಿಯಲ್ಲಿ ಇಡ್ತೀನಿ. ಮೂರು ಮಂಚದಲ್ಲಿ ಏನೂ ಆಗಲ್ಲ. ನಾಲ್ಕನೆಯದರಲ್ಲಿ ತಲೆಹಲಗೆ ಸೀಳುತ್ತೆ, ಐದಾರು ಸಾವಿರ ಹೋಗುತ್ತೆ. ಆಗ ಡಬ್ಬಿ ತೆಗೀತೀನಿ. ಮನೆಯಾಕೆಯ ಓಲೆ ಮುಟ್ಟಲ್ಲ.

ಒಂದು ಎಚ್ಚರ. ಯಾವುದು ಎಡವಟ್ಟು ಅಲ್ಲ ಅಂತಲೂ ತಿಳಿದಿರಬೇಕು. ಮಾಡಿಸುವವರು ಅರ್ಧ ಕೆಲಸದಲ್ಲಿ ಬಂದು "ಕೆಳಗೆ ಎರಡು ಡ್ರಾಯರ್ ಇರಲಿ" ಅಂದರೆ ಅದು ಎಡವಟ್ಟಲ್ಲ, ಹೊಸ ಕೆಲಸ. ಅದಕ್ಕೆ ಬೇರೆ ಹಣ. ಅವತ್ತೇ ಬರೆದು ತೋರಿಸಬೇಕು, ಕೊನೆಯಲ್ಲಿ ಅಲ್ಲ. ಮರದ ದರ ಏರಿದರೆ ಅದೂ ಈ ಬಾಬ್ತಿಗೆ ಬರಲ್ಲ. ಅದಕ್ಕೇ ಕೊಟೇಷನ್ನಿನ ಕೆಳಗೆ "ಈ ದರ 15 ದಿನಕ್ಕೆ ಮಾತ್ರ" ಅಂತ ಬರೀತೀನಿ. ನನ್ನ ಅಳತೆ ತಪ್ಪಿದರೆ? ಅದು ನನ್ನ ಜೇಬಿಗೇ.

ಕೊಟೇಷನ್

35,820ಕ್ಕೆ 2,500 ಸೇರಿಸಿದರೆ 38,320. ಇನ್ನು ಲಾಭ. "ಕೂಲಿ ತಗೊಂಡ್ರಲ್ಲ, ಮತ್ತೆ ಲಾಭ ಯಾಕೆ?" ಅಂತೀರಿ. ಕೂಲಿ ನನ್ನ ಕೈಗೆ. ಲಾಭ ಕೆಲಸಕ್ಕೆ. ಹೊಸ ಗರಗಸ ಬರೋದು ಅದರಿಂದ. ಕೆಲಸ ಇಲ್ಲದ ತಿಂಗಳು ಶೆಡ್ಡಿನ ಬಾಡಿಗೆ ಹೋಗೋದೂ ಅದರಿಂದ. ಹತ್ತನೇ ಒಂದು ಪಾಲು ಹಿಡಿದರೆ 3,832. ಎಲ್ಲ ಸೇರಿ 42,152. ನಾನು 42,200 ಅಂತ ಬರೀತೀನಿ.

ಯಜಮಾನರು ಕೇಳೇ ಕೇಳ್ತಾರೆ: "ಆಚಾರ್ರೇ, ನಲವತ್ತು ಮಾಡಿಕೊಳ್ಳಿ." ಹಿಂದೆ ನಾನು ಹೂಂ ಅಂತಿದ್ದೆ. ಹೂಂ ಅಂದ ಮೇಲೆ ಎಲ್ಲಿ ಕಡಿಮೆ ಮಾಡೋದು? ಮರದಲ್ಲಿ. ಬಿಳಿ ಬಿಡದೆ ಹಾಕೋದು. ಒಂದೂವರೆ ಇಂಚಿನ ಕಡೆ ಒಂದೂಕಾಲು ಹಾಕೋದು. ಅದು ಮೋಸ. ಈಗ ಚೀಟಿಯನ್ನು ಅವರ ಮುಂದೆ ಇಡ್ತೀನಿ. "ಮೊತ್ತ ಇಳಿಸಬೇಕಾದರೆ ಕೆಲಸ ಇಳಿಸೋಣ. ತಲೆ ಕಡೆ ಹಲಗೆ ತೆಗೆದು ಬರೀ ಪಟ್ಟಿ ಹಾಕ್ತೀನಿ. ಒಂದು ದಿನ ಉಳಿಯುತ್ತೆ, ಅರ್ಧ ಸಿ.ಎಫ್.ಟಿ. ಮರ ಉಳಿಯುತ್ತೆ. ಎರಡು ಸಾವಿರ ಬಿಡ್ತೀನಿ." ಅಂದರೆ ಹೆಚ್ಚು ಜನ ಹಲಗೆಯೇ ಇರಲಿ ಅಂತಾರೆ. ಕೆಲವರು ಪಟ್ಟಿ ಸಾಕು ಅಂತಾರೆ. ಎರಡೂ ನ್ಯಾಯವೇ.

ಚೀಟಿಯಲ್ಲಿ ಬರೀ ಮೊತ್ತ ಬರೆದರೆ ಸಾಲದು. ಯಾವ ಮರ, ಒಂದೊಂದು ಭಾಗದ ದಪ್ಪ ಎಷ್ಟು, ಯಾವ ಪಾಲಿಷ್, ಯಾವ ದಿನ ಕೊಡೋದು, ಸಾಗಿಸುವ ಗಾಡಿ ಯಾರದು, ಇಷ್ಟು ಇರಬೇಕು. ಮಾಡಿಸುವವರು ದಪ್ಪವನ್ನು ನೋಡಲೇಬೇಕು. ಇಬ್ಬರು ಹೇಳಿದ ದರದಲ್ಲಿ ಆರು ಸಾವಿರ ವ್ಯತ್ಯಾಸ ಇದ್ದರೆ ಅರ್ಧ ಇಂಚು ಎಲ್ಲೋ ಕಡಿಮೆ ಇರುತ್ತೆ.

ಹಣ ಮೂರು ಕಂತು. ಮುಂಗಡ 20,000. ಅದರಲ್ಲಿ ಸಾಮಾನೆಲ್ಲ ಬರುತ್ತೆ, ಸಾಲ ಮಾಡುವ ಹಾಗಿಲ್ಲ. ಮಂಚ ಕೂಡಿಸಿ ಪಾಲಿಷ್ ಹಾಕುವ ಮೊದಲು ಅವರನ್ನು ಕರೆದು ತೋರಿಸಿ 12,200. ಪಾಲಿಷ್ ಹಾಕಿದ ಮೇಲೆ ಗಂಟು, ಬಿಳಿ, ತೇಪೆ ಯಾವುದೂ ಚೆನ್ನಾಗಿ ಕಾಣಲ್ಲ. ಅದಕ್ಕೇ ಮೊದಲೇ ನೋಡಲಿ. ಮನೆಯಲ್ಲಿ ಕೂಡಿಸಿದ ಮೇಲೆ 10,000.

ಅಳತೆಗೆ ಹೋದಾಗ ಕೋಣೆಯ ಬಾಗಿಲನ್ನೂ ಅಳೆದು ಬನ್ನಿ. ಒಂದು ಸಲ ನಾನು ಮಂಚವನ್ನು ಬೋಲ್ಟು ಇಲ್ಲದೆ ಗೋಂದು ಹಾಕಿ ಗಟ್ಟಿ ಮಾಡಿ ತಗೊಂಡು ಹೋದೆ. ಬಾಗಿಲಲ್ಲಿ ಹಿಡಿಸಲಿಲ್ಲ. ನಡುಮನೆಯಲ್ಲೇ ಎರಡು ದಿನ ಇತ್ತು. ಆ ಮನೆ ಮಕ್ಕಳಿಗೆ ಮಾತ್ರ ಬಹಳ ಖುಷಿ!

ಸರಿ, ನಾನು ಮಾತಾಡಿದ್ದು ಸಾಕು. ಈ ಮೂಲೆಯಲ್ಲಿ ಒಂದು ಬೆಂಚು ಇದೆ. ನನ್ನ ಕಣ್ಣಳತೆಗೆ ಅದರ ಮೇಲಿನ ಹಲಗೆ ಒಂದೂವರೆ ಇಂಚು ದಪ್ಪ, 12 ಇಂಚು ಅಗಲ, 6 ಅಡಿ ಉದ್ದ. ಆ ಹಲಗೆಯಲ್ಲಿ ಎಷ್ಟು ಸಿ.ಎಫ್.ಟಿ. ಇದೆ? ಅದಕ್ಕೆ ಮಿಲ್ಲಿನಿಂದ ಎಷ್ಟು ತರಬೇಕು? ಕಣ್ಣಳತೆ ನಂಬಬೇಡಿ. ಅಳತೆ ಟೇಪು ಇಲ್ಲಿದೆ. ಆ ತುದಿ ಯಾರು ಹಿಡೀತೀರಾ?